ಮೂವತ್ತು ತಪ್ಪು ಮಾಡಿದವನು ಹತ್ತು ಅಂಕ ಮುಂದೆ ಹೋದದ್ದು ಹೇಗೆ?

ಪ್ರಶ್ನೆ: ಸರ್, ಇತಿಹಾಸದ ಅಣಕು ಪರೀಕ್ಷೆಯಲ್ಲಿ 100 ಪ್ರಶ್ನೆಗಳ ಪೈಕಿ 58ಕ್ಕೆ ಮಾತ್ರ ಉತ್ತರಿಸಿದೆ. 49 ಸರಿ, 9 ತಪ್ಪು. ನನ್ನ ಗೆಳೆಯ 91 ಪ್ರಶ್ನೆ ಮುಟ್ಟಿದ. 61 ಸರಿ, 30 ತಪ್ಪು. ಪ್ರಶ್ನೆಗೆ 2 ಅಂಕ, ತಪ್ಪಿಗೆ ಅದರ ಮೂರನೇ ಒಂದು ಭಾಗ ಕಡಿತ. ಅನುಮಾನವಿದ್ದರೆ ಬಿಟ್ಟುಬಿಡಿ ಎಂದೇ ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ. ಆದರೂ ಅವನಿಗೇ ಅಂಕ ಹೆಚ್ಚು ಬಂತು. ನಾನೂ ಊಹಿಸಲು ಶುರುಮಾಡಬೇಕೇ?

ಉತ್ತರ: ಮೊದಲು ಇಬ್ಬರ ಲೆಕ್ಕವನ್ನೂ ಮಾಡಿಬಿಡೋಣ. ನಿಮಗೆ 49 ಸರಿಯುತ್ತರಗಳಿಂದ 98 ಅಂಕ, 9 ತಪ್ಪಿಗೆ 6 ಅಂಕ ಹೋಯಿತು, ಉಳಿದದ್ದು 92. ಗೆಳೆಯನಿಗೆ 61ರಿಂದ 122. 30 ತಪ್ಪಿಗೆ 20 ಹೋಗಿ 102. ನೀವು ಬರೆದ 58ರಲ್ಲಿ ಅವನೂ ನಿಮ್ಮಷ್ಟೇ ಸರಿ ಮಾಡಿದ್ದಾನೆ ಎಂದುಕೊಂಡರೆ, ಮೇಲಿನ 33 ಪ್ರಶ್ನೆಗಳಲ್ಲಿ ಅವನು ಸರಿ ಮಾಡಿದ್ದು 12, ತಪ್ಪಿದ್ದು 21. ಅಂದರೆ ಮೂರರಲ್ಲಿ ಎರಡು ಬಾರಿ ಎಡವಿದ್ದಾನೆ. ಆದರೂ 24 ಅಂಕ ಬಂದು 14 ಹೋಗಿ, ಹತ್ತು ಅಂಕ ಕೈಯಲ್ಲಿ ಉಳಿಯಿತು.

ನಿಮಗೆ ಇದು ಅನ್ಯಾಯ ಅನ್ನಿಸಿರಬೇಕು. ಆದರೆ ಕಡಿತದ ಪ್ರಮಾಣವನ್ನು ಇನ್ನೊಮ್ಮೆ ನೋಡಿ. ಒಂದು ಸರಿಯುತ್ತರ ತಂದುಕೊಡುವ ಅಂಕವನ್ನು ಕಳೆದುಕೊಳ್ಳಲು ಮೂರು ತಪ್ಪು ಬೇಕು. ಹಾಗಾಗಿ ನಾಲ್ಕು ಪ್ರಶ್ನೆಗಳಲ್ಲಿ ಒಂದು ಸರಿಯಾಗಿ ಮೂರು ತಪ್ಪಾದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ನಾಲ್ಕರಲ್ಲಿ ಒಂದಕ್ಕಿಂತ ಚೂರೇ ಹೆಚ್ಚು ಸರಿಯಾದರೂ ಲಾಭವೇ. ನಾಲ್ಕು ಆಯ್ಕೆಗಳಲ್ಲಿ ಕಣ್ಣು ಮುಚ್ಚಿ ಒಂದನ್ನು ಮುಟ್ಟಿದರೂ ನಾಲ್ಕರಲ್ಲಿ ಒಂದು ಸರಿಯಾಗುತ್ತದೆ. ಮೂರನೇ ಒಂದು ಭಾಗದ ಕಡಿತವನ್ನು ಇಟ್ಟಿರುವುದೇ ಕುರುಡು ಊಹೆಗೆ ಏನೂ ಸಿಗದಿರಲಿ ಎಂದು. ಊಹಿಸಿದವರಿಗೆ ದಂಡ ಹಾಕುವುದು ಅದರ ಉದ್ದೇಶವಲ್ಲ. ಅನುಮಾನವಿದ್ದರೆ ಬಿಡಿ ಎನ್ನುವವರು ಈ ವ್ಯತ್ಯಾಸವನ್ನು ಗಮನಿಸಿರುವುದಿಲ್ಲ.

ಆದ್ದರಿಂದ ಪ್ರಶ್ನೆಪುಸ್ತಿಕೆಯ ಮುಖಪುಟದ ಸೂಚನೆಗಳಲ್ಲಿ ಕಡಿತ ಎಷ್ಟು ಎಂಬುದನ್ನು ಓದದೆ ಯಾವ ತಂತ್ರವನ್ನೂ ಮಾಡಬೇಡಿ. ಕೇಂದ್ರ ಲೋಕಸೇವಾ ಆಯೋಗದ ಪೂರ್ವಭಾವಿ ಪರೀಕ್ಷೆಯಲ್ಲಿ ಅದು ಮೂರನೇ ಒಂದು. ಕರ್ನಾಟಕ ಲೋಕಸೇವಾ ಆಯೋಗದ ಗೆಜೆಟೆಡ್ ಪ್ರೊಬೇಷನರ್ ಪೂರ್ವಭಾವಿಯಲ್ಲಿ ನಾಲ್ಕನೇ ಒಂದು. ಕಾಲು ಭಾಗದ ಕಡಿತವಿದ್ದು ನಾಲ್ಕೇ ಆಯ್ಕೆಗಳಿದ್ದರೆ, ಐದರಲ್ಲಿ ಒಂದು ಸರಿಯಾದರೆ ಸಾಕು, ನಷ್ಟವಿಲ್ಲ. ಅಲ್ಲಿ ನಿಮ್ಮ ಗೆಳೆಯನ 33 ಊಹೆಗಳು 10ರ ಬದಲು 13.5 ಅಂಕ ತಂದುಕೊಡುತ್ತಿದ್ದವು. ಯುಜಿಸಿ ನೆಟ್‌ನಲ್ಲಿ ಋಣಾತ್ಮಕ ಅಂಕವೇ ಇಲ್ಲ. ಅಲ್ಲಿ ಖಾಲಿ ಬಿಟ್ಟ ಪ್ರತಿ ಪ್ರಶ್ನೆಯೂ ಸುಮ್ಮನೆ ಎಸೆದ ಅವಕಾಶ. ಇನ್ನು ಕಡಿತ ಅರ್ಧ ಭಾಗ ಇರುವ ಪರೀಕ್ಷೆಯಾದರೆ ಮಾತು ಬೇರೆ. ಅಲ್ಲಿ ಮೂರರಲ್ಲಿ ಒಂದು ಸರಿಯಾದರಷ್ಟೇ ಸರಿಸಮ. ಗೆಳೆಯನ ಹತ್ತು ಅಂಕದ ಲಾಭ ಅಲ್ಲಿ ಮೂರಕ್ಕೆ ಇಳಿಯುತ್ತಿತ್ತು.

ಹಾಗಾದರೆ ಎಲ್ಲವನ್ನೂ ಮುಟ್ಟಿಬಿಡುವುದೇ? ಇತಿಹಾಸದಲ್ಲಿ ಹಾಗೆ ಮಾಡಬಾರದು. ಊಹೆಯ ಬೆಲೆ ನಿಮಗೆ ಎಷ್ಟು ಗೊತ್ತಿದೆ ಎಂಬುದರ ಮೇಲೆ ಮಾತ್ರ ನಿಂತಿಲ್ಲ. ಪ್ರಶ್ನೆಯನ್ನು ಯಾವ ಅಚ್ಚಿನಲ್ಲಿ ಎರಕ ಹೊಯ್ದಿದ್ದಾರೆ ಎಂಬುದೂ ಅಷ್ಟೇ ಮುಖ್ಯ. ಒಂದು ಪ್ರಶ್ನೆಯನ್ನು ಹತ್ತಿರದಿಂದ ನೋಡೋಣ.

ಕೃಷ್ಣದೇವರಾಯನ ಬಗ್ಗೆ ಮೂರು ಹೇಳಿಕೆಗಳಿವೆ ಎಂದುಕೊಳ್ಳಿ. ಒಂದು, ಅವನು 'ಆಮುಕ್ತಮಾಲ್ಯದ'ವನ್ನು ತೆಲುಗಿನಲ್ಲಿ ರಚಿಸಿದ. ಎರಡು, ಅವನು ಸಂಗಮ ವಂಶದವನು. ಮೂರು, ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅವನ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ. ನಿಮಗೆ ಗೊತ್ತಿರುವುದು ಒಂದೇ ಸಂಗತಿ: ಕೃಷ್ಣದೇವರಾಯ ತುಳುವ ವಂಶದವನು, ಹಾಗಾಗಿ ಎರಡನೆಯ ಹೇಳಿಕೆ ತಪ್ಪು. ಉಳಿದೆರಡರ ಬಗ್ಗೆ ಏನೂ ತೋಚುತ್ತಿಲ್ಲ.

ಆಯ್ಕೆಗಳು ಹಳೆಯ ಶೈಲಿಯಲ್ಲಿ ಹೀಗಿವೆ ಎನ್ನಿ: 1 ಮತ್ತು 2 ಮಾತ್ರ, 2 ಮತ್ತು 3 ಮಾತ್ರ, 1 ಮತ್ತು 3 ಮಾತ್ರ, 1, 2 ಮತ್ತು 3. ಎರಡನೆಯ ಹೇಳಿಕೆ ಇರುವ ಮೂರೂ ಆಯ್ಕೆಗಳು ಒಂದೇ ಏಟಿಗೆ ಬಿದ್ದುಹೋದವು. ಉತ್ತರ ಸಿಕ್ಕಿತು, ಊಹೆಯ ಪ್ರಶ್ನೆಯೇ ಬರಲಿಲ್ಲ. ಮೂರರಲ್ಲಿ ಎರಡು ಹೇಳಿಕೆಗಳ ಗಂಧ ಗಾಳಿ ಇಲ್ಲದೆಯೂ ಪೂರ್ತಿ ಎರಡು ಅಂಕ ನಿಮ್ಮದು.

ಅದೇ ಹೇಳಿಕೆಗಳನ್ನೇ ಇಟ್ಟು, ಆಯ್ಕೆಗಳನ್ನು ಮಾತ್ರ ಬದಲಿಸೋಣ. ಮೇಲಿನವುಗಳಲ್ಲಿ ಎಷ್ಟು ಸರಿ? ಒಂದು ಮಾತ್ರ, ಎರಡು ಮಾತ್ರ, ಎಲ್ಲ ಮೂರೂ, ಯಾವುದೂ ಅಲ್ಲ. ಈಗ ನಿಮ್ಮ ತುಳುವ ವಂಶದ ಜ್ಞಾನ ಬೀಳಿಸುವುದು 'ಎಲ್ಲ ಮೂರೂ' ಎಂಬ ಒಂದನ್ನೇ. ಮಿಕ್ಕ ಮೂರು ಆಯ್ಕೆಗಳು ಹಾಗೆಯೇ ನಿಂತಿವೆ. 'ಆಮುಕ್ತಮಾಲ್ಯದ'ದ ವಿಷಯವೂ ಗೊತ್ತಿದ್ದರೆ 'ಯಾವುದೂ ಅಲ್ಲ' ಬೀಳುತ್ತದೆ. ಪಾಯಸ್‌ನ ವಿಷಯವೂ ಗೊತ್ತಿದ್ದರೆ ಮಾತ್ರ 'ಎರಡು ಮಾತ್ರ' ಎಂಬ ಸರಿಯುತ್ತರಕ್ಕೆ ಖಚಿತವಾಗಿ ತಲುಪುತ್ತೀರಿ. ಕೇಂದ್ರ ಲೋಕಸೇವಾ ಆಯೋಗ 2023ರ ಪೂರ್ವಭಾವಿಯಲ್ಲಿ ಈ ಎಣಿಕೆಯ ಅಚ್ಚನ್ನು ಧಾರಾಳವಾಗಿ ಬಳಸಿತು. ಆಯ್ಕೆ ಕಳೆದು ಉತ್ತರ ಹಿಡಿಯುವುದನ್ನೇ ನಂಬಿಕೊಂಡವರು ಅಲ್ಲಿ ಪೆಟ್ಟು ತಿಂದರು.

ಅಂಕಗಳಲ್ಲಿ ಇದನ್ನು ಅಳೆದು ನೋಡಿ. ಮೂರನೇ ಒಂದು ಭಾಗದ ಕಡಿತದಲ್ಲಿ, ಎರಡು ಆಯ್ಕೆಗಳನ್ನು ಸರಿಯಾಗಿ ತೆಗೆದುಹಾಕಿ ಉಳಿದೆರಡರಲ್ಲಿ ಒಂದನ್ನು ಆರಿಸಿದರೆ, ಇಂಥ ಮೂರು ಪ್ರಶ್ನೆಗಳಿಂದ ಸರಾಸರಿ ಎರಡು ಅಂಕ, ಅಂದರೆ ಒಂದು ಇಡೀ ಪ್ರಶ್ನೆಯ ಅಂಕ, ಬರುತ್ತದೆ. ಒಂದೇ ಆಯ್ಕೆ ತೆಗೆದು ಮೂರರಲ್ಲಿ ಊಹಿಸಿದರೆ ಅಷ್ಟು ಗಳಿಸಲು ಒಂಬತ್ತು ಪ್ರಶ್ನೆಗಳು ಬೇಕು. ಹಾಗಾಗಿ ಎಣಿಕೆಯ ಅಚ್ಚಿನ ಪ್ರಶ್ನೆಯಲ್ಲಿ ಒಂದೇ ಹೇಳಿಕೆ ಗೊತ್ತಿದ್ದರೆ ನಾನು ಅದರ ಮೇಲೆ ಸಮಯ ಕಳೆಯುವುದಿಲ್ಲ. ಲಾಭ ಇದೆ, ಆದರೆ ಚಿಲ್ಲರೆ. ಆ ಎರಡು ನಿಮಿಷವನ್ನು ಕಾಲಾನುಕ್ರಮದ ಪ್ರಶ್ನೆಗೆ ಕೊಟ್ಟರೆ ಹೆಚ್ಚು ಸಿಗುತ್ತದೆ.

ಕಾಲಾನುಕ್ರಮ ಎಂದರೆ ನಮ್ಮ ಅಭ್ಯರ್ಥಿಗಳು ಹೆದರುತ್ತಾರೆ. ಇಸವಿ ನೆನಪಿಲ್ಲ ಎಂದು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತಾರೆ. ನೀವು ಖಾಲಿ ಬಿಟ್ಟ 42ರಲ್ಲಿ ಇಂಥವು ಎಷ್ಟಿವೆ ಎಂದು ಎಣಿಸಿ ನೋಡಿ. ಇಡೀ ಪತ್ರಿಕೆಯಲ್ಲಿ ಅರ್ಧಂಬರ್ಧ ಜ್ಞಾನಕ್ಕೆ ಅತಿ ಹೆಚ್ಚು ಬೆಲೆ ಕೊಡುವ ಅಚ್ಚು ಇದೇ.

ನಾಲ್ಕು ಒಪ್ಪಂದಗಳನ್ನು ಕ್ರಮವಾಗಿ ಜೋಡಿಸಬೇಕು ಎನ್ನಿ: 1. ಸಾಲ್ಬಾಯ್, 2. ಶ್ರೀರಂಗಪಟ್ಟಣ, 3. ಮಂಗಳೂರು, 4. ಬೆಸ್ಸೀನ್. ಆಯ್ಕೆಗಳು: ಎ) 3-1-2-4, ಬಿ) 1-3-2-4, ಸಿ) 1-2-3-4, ಡಿ) 3-1-4-2. ಒಂದೇ ಒಂದು ಇಸವಿಯೂ ನಿಮ್ಮ ತಲೆಯಲ್ಲಿಲ್ಲ. ಆದರೆ ಎರಡನೆಯ ಮೈಸೂರು ಯುದ್ಧ ಮಂಗಳೂರು ಒಪ್ಪಂದದಲ್ಲಿ ಮುಗಿಯಿತು, ಮೂರನೆಯದು ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಮುಗಿಯಿತು ಎಂಬುದು ಗೊತ್ತಿದೆ. ಹಾಗಾದರೆ 3 ಮೊದಲು, 2 ನಂತರ. 'ಸಿ' ಬಿತ್ತು. ಬೆಸ್ಸೀನ್ ಎರಡನೆಯ ಬಾಜಿರಾಯ ಪೇಶ್ವೆಯ ಕಾಲದ್ದು, ವೆಲ್ಲೆಸ್ಲಿಯ ಸಹಾಯಕ ಸೈನ್ಯ ಪದ್ಧತಿಗೆ ಪೇಶ್ವೆ ಕೊರಳೊಡ್ಡಿದ ಒಪ್ಪಂದ. ಅಷ್ಟು ಹೊತ್ತಿಗೆ ಟಿಪ್ಪು ಸತ್ತಾಗಿತ್ತು. ಹಾಗಾದರೆ ಟಿಪ್ಪು ಸಹಿ ಹಾಕಿದ ಶ್ರೀರಂಗಪಟ್ಟಣ ಒಪ್ಪಂದ ಬೆಸ್ಸೀನ್‌ಗಿಂತ ಮೊದಲಿನದು. 'ಡಿ' ಬಿತ್ತು. ಉಳಿದದ್ದು ಎ ಮತ್ತು ಬಿ. ಪ್ರಶ್ನೆ ಈಗ ಸಾಲ್ಬಾಯ್ ಮೊದಲೋ ಮಂಗಳೂರು ಮೊದಲೋ ಎಂಬಷ್ಟಕ್ಕೆ ಇಳಿಯಿತು.

ಇಲ್ಲಿಯೇ ನಾಣ್ಯ ಚಿಮ್ಮಿದರೂ ಲಾಭವೇ. ಆದರೆ ಅರ್ಧ ನಿಮಿಷ ತಡೆಯಿರಿ. ಸಾಲ್ಬಾಯ್ ಮರಾಠರಿಗೂ ಇಂಗ್ಲಿಷರಿಗೂ ಆದ ಒಪ್ಪಂದ. ಆ ಹೊತ್ತಿಗೆ ಇಂಗ್ಲಿಷರು ಒಂದು ಕಡೆ ಮರಾಠರೊಡನೆ, ಇನ್ನೊಂದು ಕಡೆ ಹೈದರಾಲಿಯೊಡನೆ ಸೆಣಸುತ್ತಿದ್ದರು. ಮರಾಠರೊಡನೆ ಸಂಧಿ ಮಾಡಿಕೊಂಡ ಮೇಲೂ ಮೈಸೂರಿನ ಯುದ್ಧ ಮುಂದುವರಿಯಿತು, ಹೈದರಾಲಿ ನಡುವೆಯೇ ತೀರಿಕೊಂಡ, ಟಿಪ್ಪು ಯುದ್ಧವನ್ನು ಮುಗಿಸಿದ. ಈ ಕಥೆ ನೆನಪಿದ್ದರೆ ಸಾಲ್ಬಾಯ್ ಮೊದಲು, ಉತ್ತರ 'ಬಿ'. ಇಸವಿಗಳು 1782, 1784, 1792, 1802. ಒಂದೂ ಬಾಯಿಪಾಠವಿಲ್ಲದೆ ಬಂದ ಉತ್ತರ ಇದು. ಇದನ್ನು ಊಹೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಆದರೆ 'ಅನುಮಾನವಿದ್ದರೆ ಬಿಡಿ' ಎನ್ನುವ ಸೂತ್ರ ಹಿಡಿದವರು ಮೊದಲ ಸಾಲಿನಲ್ಲೇ ಇದನ್ನು ಕೈಬಿಟ್ಟಿರುತ್ತಾರೆ.

ಈಗ ಊಹೆ ಎಲ್ಲಿ ಕಚ್ಚುತ್ತದೆ ಎಂಬುದಕ್ಕೆ ಬರುತ್ತೇನೆ. ಕುರುಡು ಊಹೆಗಿಂತ ಕೆಟ್ಟದ್ದು ಒಂದಿದೆ: ತಪ್ಪು ಜ್ಞಾನದ ಊಹೆ.

ನಾನು ತರಗತಿಯಲ್ಲಿ ಆಗಾಗ ಕೇಳುವ ಪ್ರಶ್ನೆ ಇದು. ಕಿತ್ತೂರು ರಾಣಿ ಚೆನ್ನಮ್ಮ 1824ರಲ್ಲಿ ಬ್ರಿಟಿಷರ ವಿರುದ್ಧ ಕಾದಿದಾಗ ಗವರ್ನರ್ ಜನರಲ್ ಯಾರಾಗಿದ್ದರು? ಆಯ್ಕೆಗಳು: ಡಾಲ್‌ಹೌಸಿ, ಆಮ್‌ಹರ್ಸ್ಟ್, ವಿಲಿಯಂ ಬೆಂಟಿಂಕ್, ಕಾರ್ನ್‌ವಾಲಿಸ್. ಕೈಗಳು ಡಾಲ್‌ಹೌಸಿಯ ಕಡೆಗೇ ಓಡುತ್ತವೆ. ಕಿತ್ತೂರಿನ ಜಗಳ ದತ್ತುಪುತ್ರನದು. ದತ್ತುಪುತ್ರ ಎಂದೊಡನೆ 'ದತ್ತು ಮಕ್ಕಳಿಗೆ ಹಕ್ಕಿಲ್ಲ' ಎಂಬ ನೀತಿ. ಆ ನೀತಿ ಎಂದೊಡನೆ ಡಾಲ್‌ಹೌಸಿ. ಆದರೆ ಡಾಲ್‌ಹೌಸಿ ಅಧಿಕಾರಕ್ಕೆ ಬಂದದ್ದು 1848ರಲ್ಲಿ, ಕಿತ್ತೂರಿನ ಕಾಳಗ ನಡೆದು ಇಪ್ಪತ್ನಾಲ್ಕು ವರ್ಷಗಳಾದ ಮೇಲೆ. 1823ರಿಂದ 1828ರವರೆಗೆ ಇದ್ದವನು ಆಮ್‌ಹರ್ಸ್ಟ್.

ಗಮನಿಸಿ, ಏನೂ ಓದದವನು ಇಲ್ಲಿ ಕಣ್ಣು ಮುಚ್ಚಿ ಗುರುತು ಹಾಕಿದ್ದರೆ ನಾಲ್ಕರಲ್ಲಿ ಒಂದು ಪಾಲಿನ ಅವಕಾಶವಾದರೂ ಇರುತ್ತಿತ್ತು. ಅರ್ಧ ಓದಿದವನಿಗೆ ಅದೂ ಇಲ್ಲ. ಅವನು ಕಾರ್ನ್‌ವಾಲಿಸ್ ಮತ್ತು ಬೆಂಟಿಂಕ್‌ರನ್ನು ಸರಿಯಾಗಿಯೇ ಹೊಡೆದುಹಾಕಿ, ಉಳಿದೆರಡರಲ್ಲಿ ಐವತ್ತು-ಐವತ್ತು ಎಂದುಕೊಂಡು, ಹತ್ತಕ್ಕೆ ಹತ್ತು ಬಾರಿಯೂ ಡಾಲ್‌ಹೌಸಿಯನ್ನೇ ಆರಿಸುತ್ತಾನೆ. ಎರಡು ಆಯ್ಕೆ ಉಳಿದಿವೆ ಎಂಬ ಮಾತ್ರಕ್ಕೆ ನಿಮ್ಮ ಅವಕಾಶ ಅರ್ಧಕ್ಕೆ ಏರುವುದಿಲ್ಲ. ಪ್ರಶ್ನೆ ತೆಗೆಯುವವರು ಆ ಹೆಸರನ್ನು ಅಲ್ಲಿ ಇಟ್ಟಿರುವುದೇ ನಿಮ್ಮ ನೆನಪಿನ ಈ ಇಳಿಜಾರನ್ನು ನೋಡಿ.

ಕಾಂಗ್ರೆಸ್ಸಿನ ಮೊದಲ ಮಹಿಳಾ ಅಧ್ಯಕ್ಷೆ ಯಾರು ಎಂಬ ಪ್ರಶ್ನೆಯೂ ಇದೇ ಜಾತಿಯದು. ಆನಿ ಬೆಸೆಂಟ್ 1917ರಲ್ಲಿ ಅಧ್ಯಕ್ಷರಾದರು. ಸರೋಜಿನಿ ನಾಯ್ಡು 1925ರಲ್ಲಿ, ಮೊದಲ ಭಾರತೀಯ ಮಹಿಳೆಯಾಗಿ. 'ಭಾರತೀಯ' ಎಂಬ ಒಂದು ಪದ ಪ್ರಶ್ನೆಯಲ್ಲಿ ಇದೆಯೋ ಇಲ್ಲವೋ ಎಂದು ನೋಡದೆ ಕೈ ಓಡಿದರೆ ಮುಗಿಯಿತು.

ಇಂಥ ಬಲೆಯನ್ನು ಪರೀಕ್ಷಾ ಕೊಠಡಿಯಲ್ಲಿ ಗುರುತಿಸುವುದು ಹೇಗೆ? ಒಂದು ಲಕ್ಷಣವಿದೆ. ಉತ್ತರ ನಿಮ್ಮ ತಲೆಗೆ ಒಂದು ಪದದ ಬಾಲ ಹಿಡಿದು ಬಂದಿರುತ್ತದೆ. ಕಾಲ, ಸ್ಥಳ, ಕಾರಣ ಯಾವುದೂ ಜೊತೆಗೆ ಬಂದಿರುವುದಿಲ್ಲ. ಆಗ ಆ ಹೆಸರಿನ ಪಕ್ಕದಲ್ಲಿ ಒಂದು ದಶಕವನ್ನು ಬರೆಯಲು ಯತ್ನಿಸಿ. ಡಾಲ್‌ಹೌಸಿ ಎಂದೊಡನೆ ರೈಲು, ತಂತಿ, 1857ರ ಹಿಂದಿನ ವರ್ಷಗಳು ನೆನಪಾಗುತ್ತವೆ. ಅವನ್ನು ಪ್ರಶ್ನೆಯ 1824ರ ಪಕ್ಕ ಇಟ್ಟ ಕೂಡಲೇ ಹೊಂದಿಕೆಯಾಗದ್ದು ಕಣ್ಣಿಗೆ ಹೊಡೆಯುತ್ತದೆ. ದಶಕ ಬರೆಯಲು ಆಗದೇ ಹೋದರೆ, ಹೆಸರು ಎಷ್ಟೇ ಪರಿಚಿತವಾಗಿ ಕಂಡರೂ ಅದನ್ನು ಕುರುಡು ಊಹೆಯ ಪಟ್ಟಿಗೆ ಸೇರಿಸಿ.

ಆ ಪಟ್ಟಿಯನ್ನು ಏನು ಮಾಡುವುದು ಎಂದು ಕೇಳುತ್ತೀರಿ. ಮೂರನೇ ಒಂದು ಭಾಗದ ಕಡಿತದಲ್ಲಿ ಇಪ್ಪತ್ತು ಕುರುಡು ಊಹೆಗಳ ಸರಾಸರಿ ಫಲ ಸೊನ್ನೆ ಎಂಬುದು ನಿಜ. ಆದರೆ ನೀವು ಪರೀಕ್ಷೆ ಬರೆಯುವುದು ಒಂದೇ ಸಲ, ಸರಾಸರಿ ನಿಮ್ಮ ಕೈಗೆ ಸಿಗುವುದಿಲ್ಲ. ಇಪ್ಪತ್ತರಲ್ಲಿ ಐದು ಸರಿಯಾದರೆ ಸೊನ್ನೆ. ಏಳು ಸರಿಯಾದರೆ ಐದೂ ಕಾಲಿನಷ್ಟು ಅಂಕ ಹೆಚ್ಚು, ಮೂರೇ ಸರಿಯಾದರೆ ಅಷ್ಟೇ ಕಡಿಮೆ. ಇವೆರಡೂ ದಿನನಿತ್ಯ ಆಗುವಂಥವು. ಕಟ್‌ಆಫ್‌ನ ಅಂಚಿನಲ್ಲಿ ಐದು ಅಂಕ ಎಂದರೆ ಎಷ್ಟು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಉಳಿದ ಪತ್ರಿಕೆ ಚೆನ್ನಾಗಿ ಆಗಿದೆ ಅನ್ನಿಸಿದವರು ಈ ಜೂಜನ್ನು ಆಡಬಾರದು; ಇರುವುದನ್ನು ಕಳೆದುಕೊಳ್ಳುವ ಭಯ ಅವರಿಗೇ ಹೆಚ್ಚು. ಪತ್ರಿಕೆ ಕೈಕೊಟ್ಟಿದೆ, ಹೇಗೂ ದಡ ಸೇರುವುದಿಲ್ಲ ಎನ್ನುವವರಿಗೆ ಕಳೆದುಕೊಳ್ಳಲು ಏನಿದೆ, ಆಡಲಿ. ಕಾಲು ಭಾಗದ ಕಡಿತವಿದ್ದರೆ ಮಾತ್ರ, ಕಡೆಯ ಹತ್ತು ನಿಮಿಷದಲ್ಲಿ ಮಿಕ್ಕ ಪ್ರಶ್ನೆಗಳಿಗೂ ಗುರುತು ಹಾಕಬಹುದು ಎನ್ನುತ್ತೇನೆ. ಅಲ್ಲಿ ಲೆಕ್ಕ ಸಣ್ಣದಾಗಿಯಾದರೂ ನಿಮ್ಮ ಕಡೆಗಿದೆ. 'ಗೊತ್ತಿಲ್ಲದ್ದಕ್ಕೆಲ್ಲ ಸಿ ಹಾಕಿ' ಎಂಬ ಉಪದೇಶ ಕೇಳಿರುತ್ತೀರಿ. ಅದರಿಂದ ಅಂಕ ಬರುವುದಿಲ್ಲ, ಹೋಗುವುದೂ ಇಲ್ಲ. ಸಮಯ ಉಳಿಯುತ್ತದೆ, ಅಷ್ಟೇ.

ಇಷ್ಟು ಹೇಳಿದ ಮೇಲೂ, ನೀವು ಊಹಿಸಬೇಕೇ ಎಂಬುದಕ್ಕೆ ನಾನು ಇಲ್ಲಿ ಕುಳಿತು ಉತ್ತರ ಕೊಡಲಾರೆ. ನಿಮ್ಮ ಊಹೆ ಎಷ್ಟು ಗುರಿ ಮುಟ್ಟುತ್ತದೆ ಎಂಬ ಅಂಕಿ ನಿಮ್ಮ ಬಳಿಯೇ ಇಲ್ಲ, ಏಕೆಂದರೆ ನೀವು ಊಹಿಸಿಯೇ ಇಲ್ಲ. ಆ ಅಂಕಿಯನ್ನು ಮುಂದಿನ ನಾಲ್ಕು ಅಣಕು ಪರೀಕ್ಷೆಗಳಲ್ಲಿ ಸಂಪಾದಿಸಬೇಕು. ಕೆಲಸ ಕಷ್ಟದ್ದಲ್ಲ. ಖಚಿತವಾಗಿ ಗೊತ್ತಿರುವ ಪ್ರಶ್ನೆಗೆ ಪುಸ್ತಿಕೆಯಲ್ಲಿ ಯಾವ ಗುರುತೂ ಬೇಡ. ಎರಡು ಆಯ್ಕೆ ಉಳಿದಾಗ ಪ್ರಶ್ನೆಸಂಖ್ಯೆಯ ಪಕ್ಕ 2 ಎಂದು, ಮೂರು ಉಳಿದಾಗ 3 ಎಂದು, ಏನೂ ಗೊತ್ತಿಲ್ಲದಿದ್ದರೆ 4 ಎಂದು ಬರೆಯಿರಿ. ಬೀಳಿಸಿದ ಆಯ್ಕೆಗಳ ಮೇಲೆ ಅಡ್ಡಗೆರೆ ಎಳೆಯಿರಿ, ಮನಸ್ಸಿನಲ್ಲೇ ಹೊಡೆದುಹಾಕಬೇಡಿ. ಅಭ್ಯಾಸವಾದ್ದರಿಂದ ಎಲ್ಲಕ್ಕೂ ಉತ್ತರ ಗುರುತಿಸಿ. ಕೀ ಉತ್ತರ ಬಂದ ಮೇಲೆ 2, 3, 4 ಎಂಬ ಮೂರು ಗುಂಪುಗಳಲ್ಲಿ ಎಷ್ಟೆಷ್ಟು ಸರಿಯಾದವು ಎಂದು ಬೇರೆಬೇರೆಯಾಗಿ ಎಣಿಸಿ. ಒಂದೇ ಪರೀಕ್ಷೆಯ ಅಂಕಿಯನ್ನು ನಂಬಬೇಡಿ. ಒಂದು ಗುಂಪಿನಲ್ಲಿ ಐವತ್ತು ಪ್ರಶ್ನೆಗಳಾದರೂ ಸೇರಲಿ.

ಎಣಿಸುವಾಗ ಇನ್ನೊಂದನ್ನು ನೋಡಿ; ನನ್ನ ಅನುಭವದಲ್ಲಿ ರೋಗ ಹೆಚ್ಚಾಗಿ ಸಿಗುವುದು ಅಲ್ಲಿಯೇ. ತಪ್ಪಾದ ಪ್ರಶ್ನೆಗಳಲ್ಲಿ ಸರಿಯುತ್ತರ ಎಲ್ಲಿತ್ತು? ನೀವು ಉಳಿಸಿಕೊಂಡ ಎರಡರಲ್ಲಿ ಇತ್ತೇ, ಅಥವಾ ಅಡ್ಡಗೆರೆ ಎಳೆದ ಎರಡರಲ್ಲಿ ಇತ್ತೇ? ಉಳಿಸಿಕೊಂಡದ್ದರಲ್ಲಿ ಇದ್ದರೆ ಚಿಂತೆಯಿಲ್ಲ, ಅದು ನಾಣ್ಯದ ಇನ್ನೊಂದು ಮುಖ ಬಿದ್ದಂತೆ. ಅಡ್ಡಗೆರೆಯ ಕೆಳಗೇ ಮತ್ತೆಮತ್ತೆ ಸಿಗುತ್ತಿದ್ದರೆ ಕೆಟ್ಟಿರುವುದು ನಿಮ್ಮ ಊಹೆಯಲ್ಲ. ಖಚಿತ ಎಂದುಕೊಂಡ ಜ್ಞಾನದಲ್ಲೇ ಹುಳುಕಿದೆ. ಒಬ್ಬ ಅಭ್ಯರ್ಥಿಯ ಪುಸ್ತಿಕೆಗಳನ್ನು ಹೀಗೆ ತಿರುವಿಹಾಕಿದಾಗ, ಅವಳು ತಪ್ಪಾಗಿ ಗೆರೆ ಎಳೆದ ಪ್ರಶ್ನೆಗಳಲ್ಲಿ ಬಹುಪಾಲು ಬೌದ್ಧ ಮತ್ತು ಜೈನ ಪದಗಳ ಮೇಲಿನವು ಎಂದು ಗೊತ್ತಾಯಿತು. ಆಧುನಿಕ ಭಾರತದ ಭಾಗದಲ್ಲಿ ಅವಳ ಊಹೆ ಗಟ್ಟಿಯಾಗಿತ್ತು. ಹಾಗಾಗಿ ಅವಳಿಗೆ ನಾನು ಕೊಟ್ಟದ್ದು ಎರಡು ಬೇರೆ ಸಲಹೆ: ಆಧುನಿಕ ಭಾಗದಲ್ಲಿ ಮೂರು ಆಯ್ಕೆ ಉಳಿದರೂ ಬರೆ, ಪ್ರಾಚೀನ ಭಾಗದಲ್ಲಿ ಎರಡು ಉಳಿದಾಗಲೂ ಒಮ್ಮೆ ತಡೆದು ನೋಡು.

ಕೊಠಡಿಯ ಶಿಸ್ತಿನ ಬಗ್ಗೆ ಒಂದೇ ಮಾತು. ನಿರ್ಧಾರವನ್ನು ಪುಸ್ತಿಕೆಯಲ್ಲೇ ಮುಗಿಸಿ, ಆಮೇಲೆ ಓಎಂಆರ್ ಹಾಳೆಗೆ ಹೋಗಿ. ಪೆನ್ನಿನಲ್ಲಿ ತುಂಬಿದ ವೃತ್ತವನ್ನು ಅಳಿಸಲಾಗುವುದಿಲ್ಲ. ಮನಸ್ಸು ಬದಲಾಯಿತೆಂದು ಎರಡನೆಯ ವೃತ್ತವನ್ನೂ ತುಂಬಿದರೆ, ಎರಡರಲ್ಲಿ ಒಂದು ಸರಿಯಿದ್ದರೂ ಕೇಂದ್ರ ಲೋಕಸೇವಾ ಆಯೋಗ ಅದನ್ನು ತಪ್ಪುತ್ತರವೆಂದೇ ಎಣಿಸಿ ಅಂಕ ಕಳೆಯುತ್ತದೆ.

ಮುಂದಿನ ಅಣಕು ಪರೀಕ್ಷೆಯವರೆಗೂ ಕಾಯಬೇಕಾಗಿಲ್ಲ. ನೀವು ಖಾಲಿ ಬಿಟ್ಟ ಆ 42 ಪ್ರಶ್ನೆಗಳ ಉತ್ತರಗಳನ್ನು ಇನ್ನೂ ನೋಡಿಲ್ಲದಿದ್ದರೆ ಇಂದೇ ಕುಳಿತು, ಮೇಲೆ ಹೇಳಿದಂತೆ ಗೆರೆ ಎಳೆದು, ಪೆನ್ಸಿಲಿನಲ್ಲಿ ಗುರುತು ಹಾಕಿ. ಆಮೇಲೆ ಕೀ ಉತ್ತರ ತೆಗೆಯಿರಿ. ಹತ್ತು ಸರಿಯಾದರೆ ನೀವು ಬಿಟ್ಟದ್ದರಿಂದ ಕಳೆದುಕೊಂಡದ್ದೇನೂ ಇಲ್ಲ. ಹದಿನೈದು ಸರಿಯಾದರೆ 30 ಅಂಕ ಬಂದು 18 ಹೋಗಿ, 12 ಅಂಕಗಳನ್ನು ನೀವಾಗಿಯೇ ಬಿಟ್ಟುಕೊಟ್ಟಿದ್ದೀರಿ, ಮತ್ತು ನಿಮ್ಮ ಮೊತ್ತ ಗೆಳೆಯನಿಗಿಂತ ಎರಡು ಅಂಕ ಮೇಲಿರಬೇಕಿತ್ತು.